ಫೋಟೋದಲ್ಲಿ ಕಂಡ ಏಳು ಕಲ್ಲಿನ ಹೂವು: ಒಂದು ಒಡವೆ ಪಟ್ಟಿಯ ಪ್ರಕರಣ

ದಾವಣಗೆರೆಯಲ್ಲಿ ನೆಲೆಸಿರುವ ಒಂದು ಕುಟುಂಬದ್ದು ಈ ಪ್ರಕರಣ. ಮೂಲ ಊರು ಜಗಳೂರು ಸೀಮೆಯ ಹಳ್ಳಿ. ಅಜ್ಜಿ ತೀರಿಕೊಂಡು ವರ್ಷ ಕಳೆದ ಮೇಲೆ ಬ್ಯಾಂಕ್ ಲಾಕರಿನಲ್ಲಿದ್ದ ಒಡವೆ ಡಬ್ಬಿಯನ್ನು ನಾಲ್ವರು ಮಕ್ಕಳು ಹಂಚಿಕೊಳ್ಳಬೇಕಾಗಿತ್ತು. ಒಬ್ಬರು ದೂರದ ಊರಿನಲ್ಲಿದ್ದರು, ಇನ್ನೊಬ್ಬರಿಗೆ ಓಡಾಡುವ ಶಕ್ತಿ ಇರಲಿಲ್ಲ. ಹಾಗಾಗಿ ಮೊಮ್ಮಗಳೊಬ್ಬಳು ಲಾಕರಿನ ಒಡವೆಗಳನ್ನು ಒಂದು ಸಂಜೆ ಮನೆಗೆ ತಂದು, ಮೊಬೈಲಿನಲ್ಲಿ ಫೋಟೋ ತೆಗೆದು, ಪಟ್ಟಿ ಮಾಡಿ ಎಲ್ಲರಿಗೂ ಕಳಿಸಿದಳು. ಜಗಳ ಹುಟ್ಟಿದ್ದು ಆ ಪಟ್ಟಿಯಿಂದ. ಗುರುತು ಸಿಗಬಾರದೆಂದು ಇಲ್ಲಿ ನೆಂಟಸ್ತಿಕೆ ಮತ್ತು ಕೆಲವು ವಿವರಗಳನ್ನು ಬದಲಿಸಿದೆ. ಒಡವೆಗಳ ವಿವರವನ್ನು ಮಾತ್ರ ಬದಲಿಸಿಲ್ಲ.

ಅಜ್ಜ ಬದುಕಿದ್ದಾಗ ಕೈಬರಹದಲ್ಲಿ ಬರೆದಿಟ್ಟ ಹಳೆಯ ಪಟ್ಟಿಯೊಂದು ಮನೆಯಲ್ಲಿತ್ತು. ಮೇಲೆ 1959 ಎಂಬ ಇಸವಿ, ಊರಿನ ಹೆಸರಿನ ಕೆಳಗೆ ‘ಚಿತ್ರದುರ್ಗ ಜಿಲ್ಲಾ’ ಎಂಬ ಬರಹ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೆ ಜಗಳೂರೂ ಚಿತ್ರದುರ್ಗಕ್ಕೇ ಸೇರಿತ್ತು. ಆ ಪಟ್ಟಿಯಲ್ಲಿ ಇದ್ದದ್ದು ಇಷ್ಟು: ಬೆಂಡೋಲೆ 1 ಜೊತೆ, ಬುಗುಡಿ 1 ಜೊತೆ, ಮಾಟಿ 1 ಜೊತೆ, ಮೂಗುಬಟ್ಟು 1, ನತ್ತು 1, ಡಾಬು 1 (30 ತೊಲೆ).

ಮೊಮ್ಮಗಳು ಮಾಡಿದ ಪಟ್ಟಿ ಹೀಗಿತ್ತು: ಕಲ್ಲಿನ ಓಲೆ 1 ಜೊತೆ, ಒಂಟಿ ಓಲೆ 1 (ಜೋಡಿ ಕಳೆದಿದೆ), ಮಗುವಿನ ಓಲೆ 1 ಜೊತೆ, ಮುತ್ತಿನ ಕೈಚೈನು 2, ಬಂಗಾರದ ಒಡ್ಯಾಣ 1.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಬುಗುಡಿ ಇಲ್ಲ, ಮಾಟಿ ಇಲ್ಲ, ಮೂಗುಬಟ್ಟು ಇಲ್ಲ, ನತ್ತು ಇಲ್ಲ, ಡಾಬೂ ಇಲ್ಲ. ಒಂದು ಓಲೆಯೂ ಕಳೆದಂತೆ ಕಾಣುತ್ತದೆ. ಮೇಲಾಗಿ ಹಳೆಯ ಪಟ್ಟಿಯಲ್ಲಿ ಇಲ್ಲದ ಬಂಗಾರದ ಒಡ್ಯಾಣವೊಂದು ಡಬ್ಬಿಯೊಳಗೆ ಬಂದು ಕೂತಿದೆ. ಅಜ್ಜಿಯ ಕೊನೆಯ ವರ್ಷಗಳಲ್ಲಿ ಡಬ್ಬಿಯ ಕೀಲಿ ಇದ್ದದ್ದು ಸಣ್ಣ ಸೊಸೆಯ ಹತ್ತಿರ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಕಣ್ಣು ಆಕೆಯ ಮೇಲೆ ಹೋಯಿತು. ಅದಕ್ಕೇ ಒಡವೆ ಗುರುತಿಸುವುದರಲ್ಲಿ ಪಳಗಿದ ಇಬ್ಬರು ಮತ್ತು ಹಳೆ ಪೇಟೆಯ ಒಬ್ಬ ಹಿರಿಯ ಪತ್ತಾರರು ಸೇರಿ ಫೋಟೋಗಳನ್ನು ಮತ್ತೊಮ್ಮೆ ನೋಡಬೇಕಾಯಿತು.

ಮೊದಲ ನೋಟದ ತಪ್ಪು

ಕೈಯಲ್ಲಿದ್ದ ಸಾಮಗ್ರಿ ಎರಡು ಬಗೆಯದು. ಒಂದು, ಮೊಬೈಲಿನಲ್ಲಿ ತೆಗೆದ ಹನ್ನೊಂದು ಫೋಟೋ. ರಾತ್ರಿ ಹಳದಿ ಬಲ್ಬಿನ ಬೆಳಕಿನಲ್ಲಿ, ಸ್ಟೀಲ್ ತಟ್ಟೆಯಲ್ಲಿ ಹಾಸಿದ ಹತ್ತಿ ಬಟ್ಟೆಯ ಮೇಲೆ, ಪ್ರತಿ ಒಡವೆಯನ್ನೂ ಹತ್ತಿರದಿಂದ ಮುಖ ಮಾತ್ರ ಕಾಣುವಂತೆ ತೆಗೆದದ್ದು. ಇನ್ನೊಂದು, ಹಳೆಯ ಎರಡು ಚಿತ್ರ. ಅಜ್ಜ ಅಜ್ಜಿ ನಿಂತಿರುವ ಕಪ್ಪುಬಿಳುಪಿನ ಸ್ಟುಡಿಯೋ ಫೋಟೋ ಒಂದು, ದೊಡ್ಡ ಮಗಳ ಮದುವೆಯ ಗುಂಪು ಫೋಟೋ ಇನ್ನೊಂದು.

ಒಂಟಿ ಓಲೆ ಎಂದು ಬರೆದದ್ದನ್ನು ನೋಡಿದಾಗ ಮೊದಲಿಗೆ ಯಾರಿಗೂ ಅನುಮಾನ ಬರಲಿಲ್ಲ. ನಡುವೆ ಒಂದು ಕೆಂಪು, ಸುತ್ತ ಆರು ಬಿಳಿ ಕಲ್ಲು, ಹೂವಿನಂತೆ ಜೋಡಿಸಿದ ಬಿಲ್ಲೆ. ಜೊತೆಯಾಗಿದ್ದ ಬೆಂಡೋಲೆಯೂ ಅದೇ ಹೂವು. ಒಂದೇ ನಮೂನೆಯ ಎರಡು ಜೊತೆ ಮಾಡಿಸಿ ಅದರಲ್ಲಿ ಒಂದು ಕಳೆದಿರಬಹುದು ಅನ್ನಿಸುವುದು ಸಹಜ. ಪತ್ತಾರರು ಮೊಬೈಲನ್ನು ದೂರ ಹಿಡಿದು ನೋಡಿ, ಹಿಂದಕ್ಕೆ ಕೊಟ್ಟು ಹೇಳಿದ್ದು ಒಂದೇ ಮಾತು: ‘ಮುಖ ನೋಡಿ ಏನ್ ಹೇಳ್ಲಿ ತಾಯಿ, ಬೆನ್ನು ತೋರ್ಸಿ.’

ಅವರ ಮಾತಿನ ಹಿಂದಿನ ಕಾರಣವನ್ನು ಬಿಡಿಸಿ ಹೇಳಬೇಕು. ಏಳು ಕಲ್ಲಿನ ಹೂವು ನಮ್ಮ ಕಡೆಯ ಒಡವೆಗಳಲ್ಲಿ ಎಲ್ಲೆಂದರಲ್ಲಿ ಬರುತ್ತದೆ. ಒಂದು ಕಲ್ಲಿನ ಸುತ್ತ ಅದೇ ಅಳತೆಯ ಆರು ದುಂಡು ಕಲ್ಲು ಸರಿಯಾಗಿ ಒತ್ತಿ ಕೂರುತ್ತವೆ, ಸಂದು ಉಳಿಯುವುದಿಲ್ಲ. ಹಾಗಾಗಿ ಕಿವಿಗೆ ಬೆಂಡೋಲೆ, ಮೂಗಿಗೆ ಮೂಗುಬಟ್ಟು, ಬೆರಳಿಗೆ ಉಂಗುರದ ತಲೆ, ಜಡೆಗೆ ಬಿಲ್ಲೆ, ಸೊಂಟದ ಡಾಬಿನ ನಡುಬಿಲ್ಲೆ, ಎಲ್ಲಕ್ಕೂ ಅದೇ ಹೂವನ್ನು ಬಳಸುತ್ತಾರೆ. ಮುಖ ನೋಡಿದರೆ ಅದು ಏಳು ಕಲ್ಲಿನ ಹೂವು ಎಂಬುದು ತಿಳಿಯುತ್ತದೆಯೇ ಹೊರತು ಮೈಮೇಲೆ ಎಲ್ಲಿ ಕೂರುವ ಒಡವೆ ಎಂಬುದು ತಿಳಿಯುವುದಿಲ್ಲ. ಅದನ್ನು ಹೇಳುವುದು ಹಿಂದಿನ ಕಡ್ಡಿ, ತಿರುಪು, ಕೊಕ್ಕೆ, ಮತ್ತು ಅಳತೆ. ಹತ್ತಿರದಿಂದ ತೆಗೆದ ಫೋಟೋದಲ್ಲಿ ಈ ಎರಡೂ ಇರಲಿಲ್ಲ. ಪರದೆ ತುಂಬ ಹೂವೇ ಇದ್ದುದರಿಂದ ಚಿಕ್ಕದು ದೊಡ್ಡದು ಎರಡೂ ಒಂದೇ ಅಳತೆಯಾಗಿ ಕಾಣುತ್ತಿದ್ದವು.

ಲಾಕರ್ ಮತ್ತೆ ತೆರೆಯುವುದು ಸುಲಭವಿರಲಿಲ್ಲ. ಕುಟುಂಬದ ಎಲ್ಲರೂ ಒಪ್ಪಿ ದಿನ ಗೊತ್ತು ಮಾಡಬೇಕಿತ್ತು. ಅಲ್ಲಿಯವರೆಗೆ ಇದ್ದ ಫೋಟೋಗಳಿಂದಲೇ ಎಷ್ಟು ತಿಳಿಯಬಹುದೋ ನೋಡೋಣ ಎಂದು ತೀರ್ಮಾನಿಸಿದರು. ಪ್ರಕರಣ ತಿರುವು ಪಡೆದದ್ದು ಅಲ್ಲಿಂದ.

ಬಟ್ಟೆಯ ಎಳೆಯೇ ಅಳತೆಗೋಲಾದದ್ದು

ಬೆಂಡೋಲೆ ಮತ್ತು ‘ಒಂಟಿ ಓಲೆ’ ಎರಡನ್ನೂ ಇಟ್ಟದ್ದು ಅದೇ ಹತ್ತಿ ಬಟ್ಟೆಯ ಮೇಲೆ. ಫೋಟೋವನ್ನು ದೊಡ್ಡದು ಮಾಡಿದರೆ ನೇಯ್ಗೆಯ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಹೂವಿನ ಅಂಚಿಗೆ ತಾಗಿ ಅಡ್ಡಕ್ಕೆ ಹೋಗುವ ಎಳೆಗಳನ್ನು ಎಣಿಸಿದಾಗ ಬೆಂಡೋಲೆಯ ಅಗಲಕ್ಕೆ 34 ಎಳೆ ಸಿಕ್ಕವು, ಒಂಟಿ ಹೂವಿನ ಅಗಲಕ್ಕೆ 17. ಅಂದರೆ ಒಂಟಿ ಹೂವು ಬೆಂಡೋಲೆಯ ಸರಿಯಾಗಿ ಅರ್ಧ. ಎಣಿಸುವಾಗ ಎರಡು ಎಚ್ಚರ ಬೇಕು. ಬಟ್ಟೆ ಮಡಿಕೆಯಾದ ಕಡೆ ಎಣಿಸಬಾರದು. ಎರಡರಲ್ಲೂ ಒಂದೇ ದಿಕ್ಕಿನ ಎಳೆ ಎಣಿಸಬೇಕು, ಏಕೆಂದರೆ ಉದ್ದೆಳೆ ಮತ್ತು ಅಡ್ಡೆಳೆಗಳ ದಟ್ಟಣೆ ಬೇರೆಬೇರೆ ಇರಬಹುದು.

ಎಳೆ ಎಣಿಸಿದ ಮೇಲೆ ಇನ್ನೊಂದು ಗುರುತೂ ಕಣ್ಣಿಗೆ ಬಿತ್ತು. ಅಳತೆಯೇ ಇಲ್ಲದ ಫೋಟೋದಲ್ಲೂ ಇದು ನೆರವಿಗೆ ಬರುತ್ತದೆ. ಕಲ್ಲನ್ನು ಎಷ್ಟು ಬೇಕಾದರೂ ಚಿಕ್ಕದಾಗಿಸಬಹುದು, ಆದರೆ ಕಲ್ಲನ್ನು ಹಿಡಿಯುವ ಬಂಗಾರದ ಗೋಡೆಯನ್ನು ಒಂದು ಮಿತಿಗಿಂತ ತೆಳುವಾಗಿಸಿದರೆ ಅದು ಕಲ್ಲನ್ನು ಹಿಡಿದು ನಿಲ್ಲುವುದಿಲ್ಲ. ಆದ್ದರಿಂದ ಚಿಕ್ಕ ಒಡವೆಯಲ್ಲಿ ಕಲ್ಲಿನ ಮುಂದೆ ಗೋಡೆ ದಪ್ಪ ಕಾಣುತ್ತದೆ, ದೊಡ್ಡದರಲ್ಲಿ ತೆಳು ಕಾಣುತ್ತದೆ. ಬೆಂಡೋಲೆಯಲ್ಲಿ ಕಲ್ಲುಗಳ ನಡುವೆ ಬಂಗಾರ ಒಂದು ಗೆರೆಯಷ್ಟು. ಒಂಟಿ ಹೂವಿನಲ್ಲಿ ಅದು ಕಲ್ಲಿನ ಅಗಲದ ಕಾಲುಭಾಗದಷ್ಟು. ಎರಡು ಒಂದೇ ಅಳತೆಯ ಒಡವೆಗಳಾಗಿದ್ದರೆ, ಒಬ್ಬನೇ ಕೆಲಸಗಾರ ಒಂದೇ ನಮೂನೆಯಲ್ಲಿ ಮಾಡಿದ್ದರೆ, ಈ ವ್ಯತ್ಯಾಸ ಬರುತ್ತಿರಲಿಲ್ಲ.

ಇಷ್ಟಾದ ಮೇಲೆ ‘ಒಂಟಿ ಓಲೆ, ಜೋಡಿ ಕಳೆದಿದೆ’ ಎಂಬ ಸಾಲನ್ನು ಹೊಡೆದುಹಾಕಿ ‘ಬೆಂಡೋಲೆಯ ಅರ್ಧ ಅಳತೆಯ ಏಳು ಕಲ್ಲಿನ ಹೂವು, ಮೂಗಿನದಿರಬಹುದು, ಬೆನ್ನು ನೋಡಬೇಕು’ ಎಂದು ಬರೆದರು. ಸಣ್ಣ ಸೊಸೆಗೆ ಈ ಸಾಲು ಓದಿ ಹೇಳಿದಾಗ ಆಕೆ ಅತ್ತುಬಿಟ್ಟಳು. ಒಂದು ಜೋಡಿ ಕಳೆದಿಲ್ಲ, ಒಂದು ಮೂಗುಬಟ್ಟು ಸಿಕ್ಕಿದೆ ಎಂದರೆ ಆಕೆಯ ಮೇಲಿದ್ದ ಎರಡು ಅನುಮಾನ ಒಂದೇ ಸಲಕ್ಕೆ ಇಳಿದಂತೆ.

ಬುಗುಡಿ ಮತ್ತು ಮಾಟಿ

‘ಮಗುವಿನ ಓಲೆ’ ಎಂದು ಬರೆದ ಜೊತೆಯಲ್ಲಿ ಸಣ್ಣ ಕೆಂಪು ಕಲ್ಲು, ಅದರ ಮೇಲೆ ಮೂರು ಮುತ್ತಿನ ಗೊಂಚಲು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊಂಚಲು ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ವಾಲಿತ್ತು. ಕೆಲಸ ಸೊಟ್ಟಗಾಗಿದೆ ಎಂದುಕೊಂಡಿದ್ದರು ಮನೆಯವರು. ಬುಗುಡಿಯ ಗುರುತೇ ಅದು. ಹಾಲೆಯ ಮೇಲೆ ಕೂರುವ ದುಂಡನೆಯ ಓಲೆಗೆ ಎಡ ಬಲ ಎಂಬುದಿಲ್ಲ. ಬುಗುಡಿ ಕೂರುವುದು ಕಿವಿಯ ಮೇಲ್ಭಾಗದ ಅಂಚಿನಲ್ಲಿ. ಆ ಅಂಚು ಬಾಗಿರುವುದರಿಂದ ಒಡವೆಯೂ ಅದರ ಜೊತೆಗೇ ಬಾಗಬೇಕು, ಎರಡೂ ಕಿವಿಗೆ ಎದುರುಬದುರಾಗಿ ಬಾಗಬೇಕು. ಹನ್ನೊಂದರಲ್ಲಿ ಒಂದು ಫೋಟೋದಲ್ಲಿ ಅದೃಷ್ಟಕ್ಕೆ ಒಂದು ಬುಗುಡಿ ಪಕ್ಕಕ್ಕೆ ಉರುಳಿತ್ತು. ಮುಖಕ್ಕೂ ತಿರುಪಿಗೂ ನಡುವೆ ಉಳಿದ ಸಂದು ತೀರಾ ಕಿರಿದು, ಕಿವಿಯ ಮೇಲಂಚಿನ ತೆಳು ಮೆದು ಎಲುಬಿಗೆ ಸಾಕಾಗುವಷ್ಟು ಮಾತ್ರ. ಹಾಲೆಗೆ ಹಾಕಲು ಹೋದರೆ ತಿರುಪು ತಾಗುವುದೇ ಇಲ್ಲ.

‘ಕೈಚೈನು’ ಎಂದದ್ದನ್ನು ಬಿಡಿಸಿದ್ದು ಇನ್ನೂ ಬೇಗ. ಕೈಗೆ ಹಾಕುವ ಸರದ ಎರಡು ತುದಿ ಒಂದಕ್ಕೊಂದು ಸೇರಬೇಕು. ಈ ಎರಡು ಮುತ್ತಿನ ಎಳೆಗಳಲ್ಲಿ ಒಂದು ತುದಿಗೆ ಬಳೆಯಂಥ ಸಣ್ಣ ಉಂಗುರ, ಇನ್ನೊಂದಕ್ಕೆ ಚೂಪು ಕೊಕ್ಕೆ. ಉಂಗುರ ಓಲೆಯ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ, ಕೊಕ್ಕೆ ಕಿವಿಯ ಮೇಲಿನ ಕೂದಲಿಗೆ. ಅದೇ ಮಾಟಿ, ಓಲೆಯ ಭಾರ ಹಾಲೆಯ ಮೇಲೆ ಪೂರ್ತಿ ಬೀಳದಂತೆ ಎತ್ತಿ ಹಿಡಿಯುವುದು. ಸ್ಟುಡಿಯೋ ಫೋಟೋದಲ್ಲಿ ಅಜ್ಜಿಯ ಹಾಲೆಯಿಂದ ಮೇಲೆ ಹೋಗುವ ಬಿಳಿ ಚುಕ್ಕೆಗಳ ಗೆರೆ ಕಾಣುತ್ತಿತ್ತು. ಕಿವಿಯ ಮೇಲಂಚಿನಲ್ಲೂ ಒಂದು ಹೊಳಪು ಇತ್ತು. ಇದುವರೆಗೆ ಅದನ್ನು ಫೋಟೋದ ಮೇಲಿನ ಕಲೆ ಅಂದುಕೊಂಡಿದ್ದರು.

ಇಲ್ಲಿ ಒಂದು ಮಾತು ಸೇರಿಸಬೇಕು. ಮದುವೆಯ ಗುಂಪು ಫೋಟೋದಲ್ಲಿ ಹಿಂದೆ ನಿಂತಿದ್ದ ಲಂಬಾಣಿ ಹೆಂಗಸಿನ ಕೆನ್ನೆಯ ಎರಡೂ ಕಡೆ ಇಳಿಬಿದ್ದಿದ್ದ ಬೆಳ್ಳಿಯ ಒಡವೆಯನ್ನು ಮೊಮ್ಮಗಳು ಜುಮುಕಿ ಎಂದು ಬರೆದಿದ್ದಳು. ಅದು ಕಿವಿಯದಲ್ಲ. ಘುಗರಿ, ಟೋಪಲಿ ಎಂದು ಕರೆಯುವ ಅವು ಕೂದಲಿಗೆ ಕಟ್ಟಿ ಇಳಿಬಿಡುವಂಥವು, ಮದುವೆಯಾದವಳ ಗುರುತು. ಹಳೆಯ ಫೋಟೋದಲ್ಲಿ ಕಿವಿಯ ಹತ್ತಿರ ತೂಗುವ ಯಾವುದನ್ನೇ ಆಗಲಿ, ಅದು ಎಲ್ಲಿಂದ ತೂಗುತ್ತಿದೆ ಎಂದು ಮೇಲಿನ ತುದಿಯವರೆಗೆ ಕಣ್ಣಾಡಿಸಿಯೇ ಹೆಸರಿಡಬೇಕು. ಈ ಎರಡು ಜಿಲ್ಲೆಗಳ ತಾಂಡಾಗಳ ಫೋಟೋ ನೋಡುವವರಿಗೆ ಇದು ಮತ್ತೆಮತ್ತೆ ಎದುರಾಗುತ್ತದೆ.

ಬಂಗಾರದ ಒಡ್ಯಾಣ ಅಲ್ಲ, ಬೆಳ್ಳಿ ಡಾಬು

ಎಲ್ಲರ ಆಸೆ ಇದ್ದದ್ದು ಒಡ್ಯಾಣದ ಮೇಲೆ. ಬೇಸರ ಆಗುವ ಉತ್ತರ ಬಂದದ್ದೂ ಅಲ್ಲಿಂದಲೇ.

ಹೆಸರಿನ ಗೊಂದಲ ಮೊದಲನೆಯದು. ಸೊಂಟದ ಪಟ್ಟಿಗೆ ಕೆಲವರು ಡಾಬು ಅನ್ನುತ್ತಾರೆ, ಕೆಲವರು ಒಡ್ಯಾಣ ಅನ್ನುತ್ತಾರೆ. ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಎರಡೂ ಮಾತು ಕೇಳಿಸುತ್ತವೆ, ಒಂದೇ ಮನೆಯಲ್ಲಿ ಅತ್ತೆ ಡಾಬು ಅಂದರೆ ಸೊಸೆ ಒಡ್ಯಾಣ ಅನ್ನಬಹುದು. ಆದ್ದರಿಂದ ಹೆಸರನ್ನು ಬದಿಗಿಟ್ಟು ರೂಪವನ್ನು ಬರೆಯಬೇಕು: ಪಟ್ಟಿ ಗಟ್ಟಿಯೋ, ಬಾಗುವುದೋ? ತಗಡೋ, ಹೆಣಿಗೆಯೋ? ಕೊಕ್ಕೆ ಮುಂದಿದೆಯೋ, ಹಿಂದಿದೆಯೋ?

ಈ ಫೋಟೋದಲ್ಲಿ ಒಡವೆ ತಟ್ಟೆಯಲ್ಲಿ ಹಾವಿನಂತೆ ಎರಡು ಸುತ್ತು ಸುರುಳಿಯಾಗಿ ಮಲಗಿತ್ತು. ತಗಡಿನ ಗಟ್ಟಿ ಒಡ್ಯಾಣ ಸುರುಳಿಯಾಗುವುದಿಲ್ಲ, ಅದು ತೆರೆದ ಬಳೆಯ ಹಾಗೆ ನಿಲ್ಲುತ್ತದೆ. ಸ್ಟುಡಿಯೋ ಚಿತ್ರದಲ್ಲೂ ಅದೇ ಸಾಕ್ಷಿ. ಅಜ್ಜಿಯ ಸೊಂಟದ ಪಟ್ಟಿ ಒಂದು ಕಡೆ ಸೀರೆಯ ನಿರಿಗೆಯ ಮೇಲೆ ಜಾರಿ ಕೆಳಗೆ ಇಳಿದಿತ್ತು. ಗಟ್ಟಿ ಪಟ್ಟಿ ಮೈಗೆ ಒಂದೇ ಮಟ್ಟದಲ್ಲಿ ಕೂರುತ್ತದೆ, ಮೈಯ ಜೊತೆ ಹೀಗೆ ಇಳಿಯುವುದು ಹೆಣೆದ ಪಟ್ಟಿ ಮಾತ್ರ.

ಲೋಹದ ಬಣ್ಣದ ವಿಷಯದಲ್ಲಿ ಎಲ್ಲರನ್ನೂ ದಾರಿ ತಪ್ಪಿಸಿದ್ದು ಬಲ್ಬು. ಅದೇ ಫೋಟೋದಲ್ಲಿ ತಟ್ಟೆಯ ಅಂಚನ್ನು ನೋಡಿ ಎಂದಾಗ ಮನೆಯವರಿಗೆ ತಾವೇ ಅರ್ಥವಾಯಿತು. ಸ್ಟೀಲ್ ತಟ್ಟೆಯೂ ಬಂಗಾರದ ಬಣ್ಣಕ್ಕೆ ತಿರುಗಿತ್ತು! ಬಣ್ಣ ಗೊತ್ತಿರುವ ಒಂದು ವಸ್ತು ಚೌಕಟ್ಟಿನೊಳಗೆ ಇದ್ದರೆ ಮೊದಲು ಅದನ್ನು ನೋಡಬೇಕು. ಜೊತೆಗೆ ಹೆಣಿಗೆಯ ತಗ್ಗುಗಳಲ್ಲೆಲ್ಲ ಕಪ್ಪು ಕೂತಿತ್ತು. ಒರೆಸಿದ ಕೈ ತಲುಪದ ಮೂಲೆಗಳಲ್ಲಿ ಹೀಗೆ ಒಂದೇ ಸಮ ಕಪ್ಪಾಗುವುದು ಬೆಳ್ಳಿ. ಬಂಗಾರದ ತಗ್ಗಿನಲ್ಲಿ ಕೂರುವುದು ಮಣ್ಣು, ಎಣ್ಣೆ ಜಿಡ್ಡು, ಅದು ಹೀಗೆ ಹೊಗೆ ಹಿಡಿದಂತೆ ಹರಡುವುದಿಲ್ಲ. ಆದರೂ ಫೋಟೋ ನೋಡಿ ‘ಬೆಳ್ಳಿ’ ಎಂದು ಖಚಿತವಾಗಿ ಬರೆಯಲಿಲ್ಲ, ‘ಬೆಳ್ಳಿಯ ಲಕ್ಷಣ’ ಎಂದಷ್ಟೇ ಬರೆದರು. ಲೋಹವನ್ನು ತೀರ್ಮಾನಿಸುವುದು ಒರೆಗಲ್ಲು ಮತ್ತು ತಕ್ಕಡಿ.

ಎರಡನೆಯ ಸಲದ ಫೋಟೋ

ಲಾಕರ್ ತೆರೆದ ದಿನ ಫೋಟೋ ತೆಗೆಯುವ ರೀತಿಯನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದರು. ಹಗಲು ಹೊತ್ತು, ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ, ಬಿಳಿ ಹಾಳೆಯ ಮೇಲೆ, ಫ್ಲ್ಯಾಶ್ ಇಲ್ಲದೆ. ಪಕ್ಕದಲ್ಲಿ ಮಿಲಿಮೀಟರ್ ಗೆರೆ ಇರುವ ಸ್ಕೇಲು, ಒಡವೆಯ ಮುಖದ ಎತ್ತರಕ್ಕೇ ಬರುವಂತೆ ಕೆಳಗೆ ರಟ್ಟು ಇಟ್ಟು. ಸ್ಕೇಲು ಕೆಳಗೂ ಒಡವೆ ಮೇಲೂ ಇದ್ದರೆ ಹತ್ತಿರದ ಫೋಟೋದಲ್ಲಿ ಒಡವೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸ್ಕೇಲು ಸಿಗದಿದ್ದರೆ 10 ರೂಪಾಯಿ ನಾಣ್ಯ ಸಾಕು, ಅದರ ಅಗಲ 27 ಮಿಲಿಮೀಟರ್. 1 ರೂಪಾಯಿ ನಾಣ್ಯ ಬೇಡ, ಅದು ಬೇರೆಬೇರೆ ಅಳತೆಯಲ್ಲಿ ಬಂದಿದೆ. ಮೊಬೈಲನ್ನು ಒಡವೆಗೆ ತಾಗಿಸುವಷ್ಟು ಹತ್ತಿರ ಒಯ್ಯದೆ, ಒಂದು ಮೊಳದಷ್ಟು ದೂರದಿಂದ ಝೂಮ್ ಮಾಡಿ ತೆಗೆದರು. ಪ್ರತಿ ಒಡವೆಗೆ ನಾಲ್ಕು ನೋಟ: ಮುಖ, ಬೆನ್ನು, ಪಕ್ಕ, ಮತ್ತು ಹಿಂದಿನಿಂದ ಟಾರ್ಚ್ ಬಿಟ್ಟು ಒಂದು.

ಟಾರ್ಚಿನ ಫೋಟೋ ಕಲ್ಲು ಕೂರಿಸಿದ ರೀತಿ ತಿಳಿಯಲು. ಹಿಂದೆ ತೂತು ಬಿಟ್ಟ ತೆರೆದ ಕೂಡಿಕೆಯಾದರೆ ಬೆಳಕು ಕಲ್ಲಿನ ಮೂಲಕ ಹಾದು ಮುಂದೆ ಬರುತ್ತದೆ. ಬೆಂಡೋಲೆಯಲ್ಲಿ ಒಂದು ಕಲ್ಲೂ ಬೆಳಗಲಿಲ್ಲ. ಬೆನ್ನು ಪೂರ್ತಿ ತಗಡು ಮುಚ್ಚಿದ್ದು. ಇಂಥ ಮುಚ್ಚಿದ ಕೂಡಿಕೆಯಲ್ಲಿ ಕಲ್ಲಿನ ಕೆಳಗೆ ಹೊಳಪಿನ ತೆಳು ಹಾಳೆ ಇಟ್ಟು, ಸುತ್ತ ಬಂಗಾರ ಒತ್ತಿರುತ್ತಾರೆ. ಕಲ್ಲಿನ ಹೊಳಪಿನ ಬಹುಪಾಲು ಆ ಹಾಳೆಯದು. ಒಂದು ಬಿಳಿ ಕಲ್ಲು ಮಾತ್ರ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿತ್ತು. ದೊಡ್ಡ ಮಗ ‘ಕಲ್ಲು ಬದಲಿಸಿದ್ದಾರೆ’ ಎಂದು ಅನುಮಾನಪಟ್ಟರು. ಕಲ್ಲಿನ ಸುತ್ತಲಿನ ಬಂಗಾರ ಎಲ್ಲೂ ಎಬ್ಬಿಸಿದ ಗುರುತಿರಲಿಲ್ಲ, ಗೀರಿರಲಿಲ್ಲ. ಒಳಗೆ ನೀರು ಹೋಗಿ ಹಾಳೆ ಕಪ್ಪಾಗಿತ್ತು, ಅಷ್ಟೇ. ಶೀಗೆಕಾಯಿ ನೀರಿನಲ್ಲಿ ನೆನೆಸಿ ತೊಳೆಯುವ ಅಭ್ಯಾಸ ಇಂಥ ಓಲೆಗೆ ಒಳ್ಳೆಯದಲ್ಲ. ಕೆಂಪು ಕಲ್ಲು ಮಾಣಿಕ್ಯವೋ, ಬೇರೆ ಕೆಂಪೋ, ಗಾಜೋ ಎಂದು ಕೇಳಿದಾಗ ಮೂವರೂ ಫೋಟೋದಿಂದ ಹೇಳಲು ಒಪ್ಪಲಿಲ್ಲ. ಹಿಂದೆ ಹಾಳೆ ಇಟ್ಟು ಮುಚ್ಚಿದ ಕಲ್ಲಿನ ಬಣ್ಣ ಕಲ್ಲಿನದೋ ಹಾಳೆಯದೋ ಎಂಬುದೇ ಚಿತ್ರದಲ್ಲಿ ಬೇರ್ಪಡುವುದಿಲ್ಲ.

ಅಳತೆ ಹೀಗೆ ಬಂತು. ಬೆಂಡೋಲೆ 17 ಮಿಲಿಮೀಟರ್, ಒಂಟಿ ಹೂವು 8.5. ಬೆಂಡೋಲೆಯ ಹಿಂದಿನ ತಿರುಪು ಕಡ್ಡಿ ದಪ್ಪ, ಅಗಲಿಸಿದ ಹಾಲೆಯ ತೂತಿಗೆ ತಕ್ಕದ್ದು. ಒಂಟಿ ಹೂವಿನ ಕಡ್ಡಿ ಅದರ ಅರ್ಧಕ್ಕಿಂತ ತೆಳು, ಗಿಡ್ಡ, ತಿರುಪಿನ ತಲೆ ಮೂಗಿನ ಒಳಗೆ ಚುಚ್ಚದಂತೆ ಚಪ್ಪಟೆ. ಮೂಗುಬಟ್ಟು ಎಂದು ಮೂವರೂ ಒಮ್ಮತದಿಂದ ಬರೆದರು. ಡಾಬು ತಕ್ಕಡಿಯಲ್ಲಿ 341 ಗ್ರಾಂ ತೂಗಿತು, ಒರೆಯಲ್ಲಿ ಬೆಳ್ಳಿ. ಹಳೆಯ ಪಟ್ಟಿಯ 30 ತೊಲೆ ಅಂದರೆ ಈಗಿನ ಅಂಗಡಿ ಲೆಕ್ಕದ 10 ಗ್ರಾಮಿನ ತೊಲೆಯಲ್ಲಿ 300 ಗ್ರಾಂ ಆಗಿ, 41 ಗ್ರಾಂ ಹೆಚ್ಚು ಬಂದಂತೆ ಕಾಣುತ್ತಿತ್ತು. 1959ರ ತೊಲೆ 11.66 ಗ್ರಾಮಿನದು. ಆ ಲೆಕ್ಕದಲ್ಲಿ ಸುಮಾರು 350 ಗ್ರಾಂ. ಕೊಕ್ಕೆಯ ಪಕ್ಕ ಒಂದು ಕೊಂಡಿ ಹರಿದು ಹೋಗಿದ್ದುದು ಬೆನ್ನಿನ ಫೋಟೋದಲ್ಲಿ ಕಾಣುತ್ತಿತ್ತು, ಉಳಿದ ಕೊರತೆ ಸವೆತಕ್ಕೆ ಹೋಯಿತು.

ನತ್ತು

ಉಳಿದದ್ದು ನತ್ತು. ಡಬ್ಬಿಯಲ್ಲಿ ಅದು ನಿಜವಾಗಿಯೂ ಇರಲಿಲ್ಲ.

ಸ್ಟುಡಿಯೋ ಫೋಟೋದಲ್ಲಿ ಅಜ್ಜಿಯ ಬಲ ಮೂಗಿಗೆ ಮುತ್ತು ಪೋಣಿಸಿದ ನತ್ತು. ಮದುವೆ ಫೋಟೋದಲ್ಲಿ ದೊಡ್ಡ ಮಗಳ ಎಡ ಮೂಗಿಗೆ ಒಂದು ನತ್ತು. ಬದಿ ಬೇರೆ, ಆದ್ದರಿಂದ ಒಡವೆಯೂ ಬೇರೆ ಎಂದು ಮೊದಲು ಬರೆದುಬಿಟ್ಟಿದ್ದರು. ನತ್ತಿನ ತಂತಿಯ ಬಾಗು ಒಂದು ಬದಿಗೆ ಹೊಂದುವಂತೆ ಇರುತ್ತದೆ, ಸುಮ್ಮನೆ ಇನ್ನೊಂದು ಬದಿಗೆ ಹಾಕಿಕೊಳ್ಳಲಾಗದು ಎಂಬ ಕಾರಣ ಸರಿಯೇ ಇತ್ತು. ತಪ್ಪಿದ್ದು ಫೋಟೋದಲ್ಲಿ. ಪಕ್ಕದಲ್ಲಿ ನಿಂತ ಅಜ್ಜನ ಅಂಗಿಯ ಜೇಬು ಬಲ ಎದೆಯ ಮೇಲಿತ್ತು, ಗುಂಡಿಪಟ್ಟಿಯ ಮಡಿಕೆಯೂ ತಿರುಗುಮುರುಗಾಗಿತ್ತು. ಅದು ಮೂಲ ಪ್ರತಿಯಲ್ಲ, ನೆಗೆಟಿವ್ ಮಗುಚಿಟ್ಟು ಮತ್ತೆ ತೊಳೆಸಿದ ಪ್ರತಿ. ಅಂದರೆ ಅಜ್ಜಿಯ ನತ್ತೂ ಎಡ ಮೂಗಿನದೇ. ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳಲ್ಲೂ ಹೀಗೆ ಎಡಬಲ ಬದಲಾಗಬಹುದು. ಮೂಗಿನ ಒಡವೆಯ ಬದಿ ಹೇಳುವ ಮೊದಲು ಜೇಬು, ಗುಂಡಿ, ಬರಹ ಇವುಗಳಲ್ಲಿ ಒಂದನ್ನಾದರೂ ನೋಡಲೇಬೇಕು.

ಈಗ ಎಲ್ಲರೂ ‘ಹಾಗಾದರೆ ಅದೇ ನತ್ತು’ ಎಂದು ದೊಡ್ಡ ಮಗಳ ಕಡೆ ತಿರುಗಿದರು. ಇಲ್ಲಿ ಮೂವರೂ ತಡೆದರು. ಬದಿ ಹೊಂದಿದೆ ಎಂಬುದರಿಂದ ‘ಬೇರೆ’ ಎಂಬ ಮಾತು ಬಿದ್ದುಹೋಗುತ್ತದೆ, ‘ಅದೇ’ ಎಂಬುದು ಸಿದ್ಧವಾಗುವುದಿಲ್ಲ. ಎರಡನ್ನೂ ಹೋಲಿಸಲು ಮುತ್ತುಗಳ ಸಂಖ್ಯೆ ಮತ್ತು ನಡುಗಲ್ಲಿನ ಜಾಗ ಕಾಣಬೇಕು. ಅಜ್ಜಿಯ ಚಿತ್ರದಲ್ಲಿ ಆರು ಮುತ್ತು ಎಣಿಸಬಹುದಿತ್ತು. ಮದುವೆಯ ಗುಂಪು ಫೋಟೋದಲ್ಲಿ ಮುಖವೇ ಉಗುರಿನಷ್ಟು, ನತ್ತು ಒಂದು ಬಿಳಿ ಚುಕ್ಕೆ. ಎಷ್ಟು ದೊಡ್ಡದು ಮಾಡಿದರೂ ಚುಕ್ಕೆ ದೊಡ್ಡದಾಗುತ್ತದೆ, ಮುತ್ತು ಎಣಿಕೆಗೆ ಸಿಗುವುದಿಲ್ಲ.

ದೊಡ್ಡ ಮಗಳು ಮುಂದಿನ ವಾರ ತಾನೇ ನತ್ತು ತಂದು ತೋರಿಸಿದರು. ‘ಅವ್ವ ನನ್ನ ಮದುವೇಲಿ ಕೊಟ್ಟಿದ್ದು, ಮುತ್ತು ಒಡೆದಿದ್ವು, ನಾನು ಬದಲಾಯಿಸಿದೀನಿ’ ಎಂದರು. ಮುತ್ತು ಏಳಿದ್ದವು. ತಂತಿಯ ಬಾಗು ಎಡ ಮೂಗಿನದು, ಕೊಕ್ಕೆಯ ಹತ್ತಿರ ಹಳೆಯ ಬೆಸುಗೆ. ಅಂತಿಮ ಪಟ್ಟಿಯಲ್ಲಿ ಆ ಸಾಲನ್ನು ಹೀಗೆ ಬರೆದು ನಾಲ್ವರ ಸಹಿ ಹಾಕಿಸಿದರು: ‘ನತ್ತು 1, ಎಡ ಮೂಗಿನದು, ಈಗ ಏಳು ಮುತ್ತು, ಚಿತ್ರದಲ್ಲಿ ಆರು. ತಾಯಿ ಮದುವೆಯಲ್ಲಿ ಕೊಟ್ಟದ್ದೆಂದು ದೊಡ್ಡ ಮಗಳ ಹೇಳಿಕೆ. ಫೋಟೋದಿಂದ ಹೌದೆಂದೂ ಅಲ್ಲವೆಂದೂ ಹೇಳಲು ಬರುವುದಿಲ್ಲ.’